ರೂಮಿಗೆ ಊಟ-ತಿಂಡಿ: ಹುಬ್ಬಳ್ಳಿ

ಫೋನಿನಲ್ಲಿ 9 ಒತ್ತಿರಿ. ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷ್ ಮಾತನಾಡುವವರು ಇದ್ದಾರೆ. ಬೇರೆ ಭಾಷೆಯವರು ತಿನಿಸಿನ ನಂಬರ್ ಮತ್ತು ಎಷ್ಟು ಪ್ಲೇಟ್ ಎಂದಷ್ಟೇ ಹೇಳಿದರೂ ಸಾಕು. ರೊಟ್ಟಿಯನ್ನು ಭಾಕರಿ ಎಂದು ಕೇಳಿದರೂ ನಮಗೆ ತಿಳಿಯುತ್ತದೆ.

ಸಮಯ
ನಾಷ್ಟಾ: ಬೆಳಿಗ್ಗೆ 6:30–10:30
ಊಟ: ಮಧ್ಯಾಹ್ನ 12:00–3:00, ರಾತ್ರಿ 7:00–10:45
ಗಿರ್ಮಿಟ್, ಮಿರ್ಚಿ ಭಜಿ: ಸಂಜೆ 4:00–7:00
ಚಹಾ, ಕಾಫಿ, ಬಿಸಿ ಹಾಲು: ದಿನವಿಡೀ

ತಿಂಡಿಗೆ 20 ನಿಮಿಷ, ಊಟಕ್ಕೆ 35 ನಿಮಿಷ ಹಿಡಿಯುತ್ತದೆ. ಬೆಳಗಿನ ಜಾವ ರೈಲು ಹಿಡಿಯುವವರು ರಾತ್ರಿ 10ರೊಳಗೆ ತಿಳಿಸಿದರೆ 5 ಗಂಟೆಗೆ ಇಡ್ಲಿ ಕಟ್ಟಿಕೊಡುತ್ತೇವೆ.

ಶುಲ್ಕ
ಒಂದು ಆರ್ಡರಿಗೆ ₹40. ₹500 ದಾಟಿದರೆ ಇಲ್ಲ. ಕುಡಿಯುವ ನೀರು, ಹೆಚ್ಚುವರಿ ತಟ್ಟೆ, ಚಮಚಕ್ಕೂ ಇಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಬೇರೆ ಕಾಣುತ್ತದೆ. ಟಿಪ್ಸ್ ಕಡ್ಡಾಯವಲ್ಲ.

ವಿಶೇಷ ಕೋರಿಕೆ
ಶೇಂಗಾ ಅಲರ್ಜಿ ಇದ್ದರೆ ದಯವಿಟ್ಟು ಮೊದಲೇ ಹೇಳಿ. ಎಣ್ಣೆಗಾಯಿಯ ಮಸಾಲೆಯನ್ನು ಶೇಂಗಾ, ಎಳ್ಳು ಅರೆದು ಬದನೆಕಾಯಿಯೊಳಗೆ ತುಂಬಿರುತ್ತೇವೆ. ಆಮೇಲೆ ತೆಗೆಯಲು ಬರುವುದಿಲ್ಲ. ಬದಲಿಗೆ ಹೆಸರುಬೇಳೆ ತೊವ್ವೆ ಕೊಡುತ್ತೇವೆ. ಆದರೆ ಅಡುಗೆಮನೆ ಒಂದೇ, ಶೇಂಗಾ ಪುಡಿಯ ಸೋಂಕು ಪೂರ್ತಿ ತಪ್ಪುತ್ತದೆ ಎಂದು ಹೇಳಲಾರೆವು.

ಜೈನ ಊಟಕ್ಕೆ (ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ ಇಲ್ಲದ್ದು) 45 ನಿಮಿಷ ಬೇಕು, ಬೇರೆ ಪಾತ್ರೆಯಲ್ಲಿ ಮಾಡುತ್ತೇವೆ. ಸೂರ್ಯಾಸ್ತಕ್ಕೆ ಮುಂಚೆ ಬೇಕಿದ್ದರೆ ಸಂಜೆ 5ಕ್ಕೇ ಹೇಳಿ. ಖಾರ ಕಡಿಮೆ ಬೇಕೆಂದರೆ ಪಲ್ಯದಲ್ಲಿ ಆಗುತ್ತದೆ, ಕೆಂಪು ಚಟ್ನಿಯಲ್ಲಿ ಆಗುವುದಿಲ್ಲ. ಮೊಸರು ಕೂಡಿಸಿ ಕಳಿಸುತ್ತೇವೆ.

ಬಿಸಿ ರೊಟ್ಟಿ ಮುಚ್ಚಿದ ಡಬ್ಬಿಯಲ್ಲಿ ಬೆವರಿ ಒದ್ದೆಯಾಗುತ್ತದೆ. ಅದಕ್ಕೇ ಬಟ್ಟೆಯಲ್ಲಿ ಸುತ್ತಿ ತರುತ್ತೇವೆ, ಬಂದ ಕೂಡಲೇ ಉಣ್ಣಿರಿ. ಕಟಕ ರೊಟ್ಟಿ ಬೇಕಿದ್ದರೆ ಹಾಗೆಂದು ಹೇಳಿ.

ಊಟವಾದ ಮೇಲೆ 9 ಒತ್ತಿದರೆ ತಟ್ಟೆ ಒಯ್ಯುತ್ತೇವೆ.