ಮುಟ್ಟಿನ ಪಾಠ ಐದನೇ ತರಗತಿಗೇ ಬರಲಿ

ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಪಾಠ ಬರುವುದು ಎಂಟನೇ ತರಗತಿಯಲ್ಲಿ. ಹುಡುಗಿಯರ ಮೈಯಲ್ಲಿ ಬದಲಾವಣೆ ಶುರುವಾಗುವುದು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ. ಎದೆ ಮೂಡತೊಡಗಿ ಎರಡು-ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಹಾಗಾಗಿ ಎಷ್ಟೋ ಹುಡುಗಿಯರಿಗೆ ಪಾಠಕ್ಕಿಂತ ಮೊದಲೇ ಮುಟ್ಟು ಬಂದಿರುತ್ತದೆ. ಗೊತ್ತಿಲ್ಲದೆ ರಕ್ತ ಕಂಡ ಮಗು ಗಾಯವೋ ಕಾಯಿಲೆಯೋ ಎಂದು ಹೆದರುತ್ತದೆ. ನಮ್ಮ ಉತ್ತರ ಕನ್ನಡದ ಕಾರವಾರ, ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳಲ್ಲಿ ಈ ಪಾಠ ಐದನೇ ತರಗತಿಯಲ್ಲೇ ಶುರುವಾಗಬೇಕು, ಆಮೇಲೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬೆಳೆಯಬೇಕು.

ಯೋಜನೆಗಳಿಗೇನೂ ಬರ ಇಲ್ಲ. ಪ್ಯಾಡ್ ಕೊಡಲು ರಾಜ್ಯದ ಶುಚಿ ಯೋಜನೆ ಇದೆ. 2014ರಿಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಇದೆ. ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗಿಬ್ಬರು ಶಿಕ್ಷಕರಿಗೆ ತರಬೇತಿ ಕೊಡಬೇಕೆಂದೂ ಇದೆ. ಆದರೆ ಪ್ಯಾಡ್ ಹಂಚಿ ರಿಜಿಸ್ಟರಿಗೆ ಸಹಿ ಹಾಕಿಸಿದರೆ ಪಾಠ ಮುಗಿದಂತೆ ಆಗುವುದೇ ಜಾಸ್ತಿ.

ಪಾಠದಲ್ಲಿ ಏನಿರಬೇಕು? ಗರ್ಭಾಶಯದ ಚಿತ್ರಕ್ಕಿಂತ ಮೊದಲು ಮಗುವಿಗೆ ಬೇಕಾದ ಉತ್ತರಗಳು. ಮೊದಲ ಎರಡು ವರ್ಷ ಮುಟ್ಟು ಲೆಕ್ಕ ತಪ್ಪುವುದು ಸಹಜ; 21ರಿಂದ 45 ದಿನದ ನಡುವೆ ಯಾವಾಗ ಬಂದರೂ ಹೆದರಬೇಕಿಲ್ಲ. ಎರಡರಿಂದ ಏಳು ದಿನ ಸ್ರಾವ. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ಗಂಟೆಗೊಂದು ಪ್ಯಾಡ್ ಪೂರ್ತಿ ಒದ್ದೆಯಾದರೆ, ನೋವಿಗೆ ಪ್ರತಿ ತಿಂಗಳೂ ಶಾಲೆ ತಪ್ಪಿದರೆ, 15 ತುಂಬಿದರೂ ಮುಟ್ಟು ಬಾರದಿದ್ದರೆ ಡಾಕ್ಟರಿಗೆ ತೋರಿಸಬೇಕು. ಹೊಟ್ಟೆನೋವನ್ನು ಸಹಿಸಿಕೊಳ್ಳುವುದೇ ಹೆಣ್ಣಿನ ಲಕ್ಷಣ ಎಂಬ ಮಾತು ತರಗತಿಯೊಳಗೆ ಬರಬಾರದು.

ನಮ್ಮ ಜಿಲ್ಲೆಗೆ ಬೇರೆಯದೇ ಒಂದು ಕಷ್ಟ ಇದೆ, ಮಳೆ. ಕೈಪಿಡಿಗಳು "ಬಟ್ಟೆಯನ್ನು ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ" ಎನ್ನುತ್ತವೆ. ಸರಿಯಾದ ಮಾತೇ. ಆದರೆ ಜುಲೈನಲ್ಲಿ ಶಿರಸಿ, ಸಿದ್ದಾಪುರದ ಕಡೆ ಬಿಸಿಲು ಎಲ್ಲಿಂದ ತರುವುದು? ಯೂನಿಫಾರ್ಮೇ ಒಣಗುವುದಿಲ್ಲ. ಯಾರಿಗೂ ಕಾಣಬಾರದೆಂದು ಮುಟ್ಟಿನ ಬಟ್ಟೆಯನ್ನು ಬೇರೆ ಬಟ್ಟೆಯ ಅಡಿಯಲ್ಲಿ ಹರವಿದರೆ ಅದು ಒಣಗುವುದೇ ಇಲ್ಲ. ಹಸಿ ಬಟ್ಟೆ ಕಟ್ಟಿಕೊಂಡರೆ ತೊಡೆಸಂದಿ ಉರಿ, ತುರಿಕೆ. ಆದ್ದರಿಂದ ಮಳೆಗಾಲದ ಪಾಠ ಬೇರೆ ಇರಲಿ: ಬಟ್ಟೆ ಬಳಸುವವರು ಹೆಚ್ಚು ಜೊತೆ ಇಟ್ಟುಕೊಳ್ಳಲಿ, ಬಚ್ಚಲೊಲೆಯ ಹತ್ತಿರ ಗಾಳಿಯಾಡುವ ಹಾಗೆ ಒಣಗಿಸಲಿ, ತೇವ ಉಳಿದದ್ದನ್ನು ಬಳಸದಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ಯಾಡುಗಳನ್ನು ಶಾಲೆ ತೆರೆಯುವ ಮೊದಲೇ ತಲುಪಿಸುವುದು ಇಲಾಖೆಯ ಕೆಲಸ. ಮಳೆ ರಜೆಯಲ್ಲಿ ಶಾಲೆ ಮುಚ್ಚಿದರೂ ಮುಟ್ಟಿಗೆ ರಜೆ ಇಲ್ಲವಲ್ಲ.

ಮೂರು ದಿನ ಹೊರಗೆ ಕೂರಿಸುವ ಮನೆಗಳು ಇಲ್ಲಿ ಇನ್ನೂ ಇವೆ. ಶಿಕ್ಷಕರು ಆ ಮನೆಯನ್ನು ಹೀಯಾಳಿಸಿದರೆ ಮಗು ಎರಡು ಕಡೆಯ ನಡುವೆ ಸಿಕ್ಕಿಬೀಳುತ್ತದೆ. ಮುಟ್ಟಿನ ರಕ್ತ ಹೊಲಸಲ್ಲ ಎಂಬುದನ್ನು ನೇರವಾಗಿ ಹೇಳಲಿ. ತಾಯಂದಿರ ಸಭೆಯಲ್ಲಿ ಮಾತ್ರ ನಾಲ್ಕು ವಿಷಯಕ್ಕೆ ಪಟ್ಟು ಹಿಡಿಯಲಿ: ದಿನಾ ಸ್ನಾನ, ಹೊಟ್ಟೆತುಂಬ ಊಟ, ಬೆಚ್ಚಗಿನ ಜಾಗದಲ್ಲಿ ನಿದ್ದೆ, ತಪ್ಪದೆ ಶಾಲೆ.

ಹುಡುಗರನ್ನು ಆಟದ ಬಯಲಿಗೆ ಕಳಿಸಿ ಪಾಠ ಮಾಡುವುದು ನಮ್ಮ ರೂಢಿ. ಹುಡುಗಿಯ ಲಂಗದ ಕಲೆ ನೋಡಿ ನಗುವವರು ಆ ಬಯಲಿನಲ್ಲೇ ತಯಾರಾಗುವುದು. ದನಿ ಒಡೆಯುವುದು, ನಿದ್ದೆಯಲ್ಲಿ ವೀರ್ಯ ಹೋಗುವುದು ಅವರಿಗೂ ಹೆದರಿಕೆಯ ವಿಷಯವೇ, ಕೇಳಲು ಯಾರೂ ಇಲ್ಲ ಅಷ್ಟೆ. ಮೂಲ ಪಾಠ ಎಲ್ಲರಿಗೂ ಒಟ್ಟಿಗೆ, ಪ್ರಶ್ನೆಯ ಅವಧಿ ಬೇರೆ ಬೇರೆ ಇರಲಿ. ಹೆಸರು ಬರೆಯದ ಚೀಟಿ ಹಾಕಲು ಒಂದು ಡಬ್ಬಿ ಸಾಕು.

ಯಾರು ಕಲಿಸಬೇಕು? ಘಟ್ಟದ ಮೇಲಿನ ಸಣ್ಣ ಶಾಲೆಯಲ್ಲಿ ಮೇಷ್ಟ್ರೊಬ್ಬರೇ ಇದ್ದರೆ ಅವರೇ ಪಾಠ ಮಾಡಲಿ. ಪ್ರಶ್ನೆಯ ದಿನಕ್ಕೆ ಪಕ್ಕದ ಶಾಲೆಯ ಅಕ್ಕೋರನ್ನೋ ಆರೋಗ್ಯ ಕೇಂದ್ರದ ನರ್ಸ್ ಅನ್ನೋ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಕರೆಸಲಿ. ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ ಆಡುವ ಮಗು ಇಂಥ ಪ್ರಶ್ನೆಯನ್ನು ಕೊಂಕಣಿಯಲ್ಲೇ ಕೇಳುತ್ತದೆ. ಭಟ್ಕಳದಲ್ಲಿ ಉರ್ದು ಅಥವಾ ನವಾಯತಿ. ಊರಿನ ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಈ ತೊಡಕು ಅರ್ಧ ಬಿಡಿಸಿಕೊಳ್ಳುತ್ತದೆ. 2007ರಲ್ಲಿ ಹದಿಹರೆಯದ ಶಿಕ್ಷಣಕ್ಕೆ ವಿರೋಧ ಬಂದು ಕರ್ನಾಟಕವೂ ಅದನ್ನು ತಡೆದಿತ್ತು. ಹಾಗಾಗಿ ಪಾಠಕ್ಕೆ ಮೊದಲೇ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಪುಟಗಳನ್ನು ತೆರೆದು ತೋರಿಸುವುದು ಒಳ್ಳೆಯದು. ಮುಚ್ಚಿಟ್ಟರೆ ಅನುಮಾನ ಬೆಳೆಯುತ್ತದೆ.

ಇನ್ನು ಶೌಚಾಲಯ. ಚಿಲಕ ಹಾಕುವ ಬಾಗಿಲು, ಬಕೆಟ್‌ನಲ್ಲಿ ನೀರು, ಸೋಪು, ಚೀಲ ನೇತುಹಾಕಲು ಮೊಳೆ, ಮುಚ್ಚಳದ ಡಬ್ಬಿ. ಇವಿಲ್ಲದೆ ಆರು ಗಂಟೆಗೊಮ್ಮೆ ಬದಲಿಸಿ ಎಂದು ಕಲಿಸುವುದು ಸುಮ್ನೆ. ಬಳಸಿದ ಪ್ಯಾಡಿಗೆ ಗುಂಡಿ ತೋಡಿದರೆ ಕರಾವಳಿಯಲ್ಲಿ ಮಳೆಗಾಲಕ್ಕೆ ನೀರು ತುಂಬಿ ಮೇಲೆ ತೇಲುತ್ತದೆ. ಒದ್ದೆ ಪ್ಯಾಡ್ ಸುಟ್ಟರೆ ಹೊಗೆ ಮಾತ್ರ. ಗ್ರಾಮ ಪಂಚಾಯತಿಯ ಕಸದ ಗಾಡಿ ವಾರಕ್ಕೆರಡು ಸಲ ಶಾಲೆಯ ಡಬ್ಬಿಯನ್ನು ಬೇರೆಯಾಗಿ ಒಯ್ಯಬೇಕು. ಅದರ ಖರ್ಚು ಪಂಚಾಯತಿಯ ಬಜೆಟ್‌ನಲ್ಲೇ ಬರೆದಿರಬೇಕು, ಮುಖ್ಯ ಶಿಕ್ಷಕಿಯ ಜೇಬಿನಿಂದಲ್ಲ.