ಬೇರೆ ಧರ್ಮದವರ ಜೊತೆ ಓದು, ಒಡನಾಟ: ಪದವಿ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ

ನಮಸ್ಕಾರ. ನಾನು ಧಾರವಾಡದಲ್ಲಿ ಸಮಾಜಶಾಸ್ತ್ರ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಈ ಹಾಳೆ ನನ್ನ ಪ್ರಬಂಧಕ್ಕಾಗಿ. 18 ವರ್ಷ ತುಂಬಿದವರು ಮಾತ್ರ ಉತ್ತರಿಸಿ. ಹತ್ತು ನಿಮಿಷ ಸಾಕು. ಹೆಸರು, ರೋಲ್ ನಂಬರ್ ಬರೆಯಬೇಡಿ. ಬೇಡವೆನಿಸಿದ ಪ್ರಶ್ನೆ ಬಿಟ್ಟುಬಿಡಿ. ನಡುವೆಯೇ ನಿಲ್ಲಿಸಿದರೂ ಅಡ್ಡಿಯಿಲ್ಲ. ಉತ್ತರಗಳನ್ನು ನಿಮ್ಮ ಸರ್, ಮೇಡಂ ಯಾರೂ ನೋಡುವುದಿಲ್ಲ. ಇದು ಪರೀಕ್ಷೆಯಲ್ಲ, ಸರಿ ಉತ್ತರ ಅಂತ ಒಂದಿಲ್ಲ.

1. ಯಾವ ವರ್ಷ?
ಮೊದಲ / ಎರಡನೇ / ಮೂರನೇ

2. ಈಗ ಎಲ್ಲಿ ಉಳಿದಿದ್ದೀರಿ?
ಮನೆ / ಸರ್ಕಾರಿ ಹಾಸ್ಟೆಲ್ / ಸಮುದಾಯದ ಹಾಸ್ಟೆಲ್ / ಪಿ.ಜಿ. / ಬಾಡಿಗೆ ರೂಮು

3. ಕಳೆದ ಒಂದು ತಿಂಗಳಲ್ಲಿ ಬೇರೆ ಧರ್ಮದ ಸಹಪಾಠಿ ಜೊತೆ ಏನೇನು ಮಾಡಿದ್ದೀರಿ? ಎಷ್ಟಕ್ಕಾದರೂ ಗುರುತು ಹಾಕಿ. (ಪರಿಚಯ ಬೇರೆ, ಒಡನಾಟ ಬೇರೆ ಅಲ್ವಾ? ಅದಕ್ಕೇ ತಿಂಗಳ ಲೆಕ್ಕ.)
ನೋಟ್ಸ್ ಹಂಚಿಕೊಂಡೆ / ಒಟ್ಟಿಗೆ ಊಟ ಮಾಡಿದೆ / ಅವರ ಮನೆಗೆ ಹೋದೆ / ಅವರು ನಮ್ಮ ಮನೆಗೆ ಬಂದರು / ಯಾವುದೂ ಇಲ್ಲ

4. ಪ್ರತಿ ಮಾತಿಗೂ 1ರಿಂದ 5ರವರೆಗೆ ಒಂದು ಅಂಕಿ ಕೊಡಿ. 1 ಅಂದರೆ ಸ್ವಲ್ಪವೂ ಒಪ್ಪುವುದಿಲ್ಲ, 5 ಅಂದರೆ ಪೂರ್ತಿ ಒಪ್ಪುತ್ತೇನೆ.
ಅ. ಬೇರೆ ಧರ್ಮದವರು ನನ್ನ ರೂಮ್‌ಮೇಟ್ ಆಗಬಹುದು.
ಆ. ಒಂದೇ ಧರ್ಮದವರಿದ್ದರೆ ಹಾಸ್ಟೆಲ್ ನೆಮ್ಮದಿಯಾಗಿರುತ್ತದೆ.
ಇ. ನಾನು ತಿನ್ನದ್ದನ್ನು ಪಕ್ಕದಲ್ಲಿ ಕೂತವರು ತಿಂದರೆ ನನಗೆ ಕಷ್ಟವಾಗುತ್ತದೆ.
ಈ. ಕಾಲೇಜಿನೊಳಗೆ ಯಾವ ಧರ್ಮದ ಹಬ್ಬವೂ ಬೇಡ.
ಉ. ಬೇರೆ ಧರ್ಮಗಳಲ್ಲೂ ಸತ್ಯವಿದೆ.
ಊ. ನನ್ನ ಅಣ್ಣನೋ ಅಕ್ಕನೋ ಬೇರೆ ಧರ್ಮದವರನ್ನು ಮದುವೆಯಾದರೆ ನಾನು ಅವರ ಪರ ನಿಲ್ಲುತ್ತೇನೆ.

5. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂಗೆ ಹಿಂದೂಗಳೂ ಸೇರುತ್ತಾರೆ. ನಿಮ್ಮ ಊರಲ್ಲಿ ಹೀಗೆ ಎಲ್ಲರೂ ಸೇರುವ ಮೊಹರಂ, ಉರುಸು ಅಥವಾ ಜಾತ್ರೆ ಇದೆಯೇ?
ಇದೆ, ಹೋಗುತ್ತೇನೆ / ಇದೆ, ಮೊದಲು ಹೋಗುತ್ತಿದ್ದೆ, ಈಗ ಇಲ್ಲ / ಇದೆ, ಎಂದೂ ಹೋಗಿಲ್ಲ / ಇಲ್ಲ / ಗೊತ್ತಿಲ್ಲ
ಹೋಗುವುದನ್ನು ಬಿಟ್ಟಿದ್ದರೆ, ಯಾಕೆ ಅಂತ ಹಾಳೆಯ ಹಿಂದೆ ಎರಡು ಸಾಲು ಬರೆಯಿರಿ. ನಿಮ್ಮ ಊರಿನ ಮಾತಲ್ಲೇ ಬರೆದರೆ ಇನ್ನೂ ಒಳ್ಳೆಯದು.

6. ನೀವೂ ಬೇರೆ ಧರ್ಮದ ಒಬ್ಬ ಸಹಪಾಠಿಯೂ ಸೇರಿ ರೂಮು ನೋಡಲು ಹೋಗಿದ್ದೀರಿ. ಸಹಪಾಠಿಯ ಹೆಸರು ಕೇಳಿದ ಮೇಲೆ ಮನೆ ಮಾಲೀಕರು, "ನಿಮಗಾದರೆ ಕೊಡುತ್ತೇನೆ, ಇವರಿಗೆ ಬೇಡ" ಅನ್ನುತ್ತಾರೆ. ರೂಮು ಚೆನ್ನಾಗಿದೆ, ಬಾಡಿಗೆಯೂ ಕಡಿಮೆ. ಏನು ಮಾಡಬೇಕು ಅಂತಲ್ಲ, ನೀವು ಏನು ಮಾಡುತ್ತೀರಿ?
ನಾನೊಬ್ಬನೇ/ಒಬ್ಬಳೇ ರೂಮು ಹಿಡಿಯುತ್ತೇನೆ / ಮಾಲೀಕರ ಜೊತೆ ಮಾತಾಡಿ ನೋಡುತ್ತೇನೆ / ಇಬ್ಬರೂ ಬೇರೆ ರೂಮು ಹುಡುಕುತ್ತೇವೆ / ಹೇಳಲಾರೆ

7. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಧರ್ಮವನ್ನು ಹೀಯಾಳಿಸುವ ಫಾರ್ವರ್ಡ್ ಕಳೆದ ಸಲ ಬಂದಾಗ ಏನು ಮಾಡಿದಿರಿ?
ಸುಮ್ನೆ ಬಿಟ್ಟೆ / ಗ್ರೂಪಿನಲ್ಲೇ ವಿರೋಧಿಸಿದೆ / ಕಳಿಸಿದವರಿಗೆ ಬೇರೆಯಾಗಿ ಹೇಳಿದೆ / ನಾನೂ ಫಾರ್ವರ್ಡ್ ಮಾಡಿದೆ / ಅಂಥದ್ದು ಬಂದಿಲ್ಲ

8. ಧರ್ಮದ ಕಾರಣಕ್ಕೆ ಕಾಲೇಜಿನಲ್ಲಿ ನಿಮ್ಮನ್ನು ಬೇರೆ ಥರ ನೋಡಿದ್ದುಂಟೇ?
ಹೌದು / ಇಲ್ಲ / ಹೇಳಲು ಇಷ್ಟವಿಲ್ಲ
ಹೌದಾದರೆ, ಬರೆಯಬೇಕೆನಿಸಿದಷ್ಟು ಬರೆಯಿರಿ. ಯಾರ ಹೆಸರೂ ಬೇಡ.

9. ನಿಮ್ಮ ಧರ್ಮ? ದಾಖಲೆಯಲ್ಲಿರುವುದಲ್ಲ, ನೀವು ಹೇಳಿಕೊಳ್ಳುವುದು.
ಹಿಂದೂ / ಲಿಂಗಾಯತ / ಮುಸ್ಲಿಂ / ಕ್ರೈಸ್ತ / ಜೈನ / ಬೌದ್ಧ / ಸಿಖ್ / ಬೇರೆ / ಯಾವ ಧರ್ಮವೂ ಇಲ್ಲ / ಹೇಳಲು ಇಷ್ಟವಿಲ್ಲ

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಬಾಗಿಲ ಬಳಿಯ ರಟ್ಟಿನ ಡಬ್ಬಿಗೆ ಹಾಕಿ. ಖಾಲಿ ಹಾಳೆಯನ್ನೂ ಹಾಗೇ ಮಡಚಿ ಹಾಕಬಹುದು. ಆಗ ಯಾರು ಬರೆದರು, ಯಾರು ಬರೆಯಲಿಲ್ಲ ಅಂತ ನನಗೂ ತಿಳಿಯುವುದಿಲ್ಲ.