ಆನ್‌ಲೈನ್‌ನಲ್ಲಿ ಪಾವತಿಸಿದ ಆಸ್ತಿ ತೆರಿಗೆಗೆ ರಸೀದಿ ಕೋರಿ ಪತ್ರ

ದಿನಾಂಕ: 2 ಜೂನ್ 2025

ಇವರಿಂದ:
ಸುಮಿತ್ರಾ ಕೆ.
ಆಸ್ತಿ ಸಂಖ್ಯೆ 11-4-386, ವಾರ್ಡ್ 11

ಇವರಿಗೆ:
ಪೌರಾಯುಕ್ತರು
ನಗರಸಭೆ ಕಾರ್ಯಾಲಯ
(ಕಂದಾಯ ಶಾಖೆಯ ಗಮನಕ್ಕೆ)

ವಿಷಯ: 2025-26ನೇ ಸಾಲಿನ ಆಸ್ತಿ ತೆರಿಗೆ ಪಾವತಿಗೆ ರಸೀದಿ ಬಾರದಿರುವ ಬಗ್ಗೆ

ಮಾನ್ಯರೇ,

ಮೇಲ್ಕಂಡ ಆಸ್ತಿಯ ಈ ಸಾಲಿನ ತೆರಿಗೆ 8,740 ರೂಪಾಯಿಯನ್ನು ಏಪ್ರಿಲ್ 24ರಂದು ಸಂಜೆ ನಗರಸಭೆಯ ಜಾಲತಾಣದ ಮೂಲಕ ಯುಪಿಐನಲ್ಲಿ ಪಾವತಿಸಿದ್ದೇನೆ. ಏಪ್ರಿಲ್ ಒಳಗೆ ಕಟ್ಟುವವರಿಗೆ ಸಿಗುವ ಶೇಕಡಾ 5ರ ರಿಯಾಯಿತಿ ಕಳೆದು ಜಾಲತಾಣವೇ ತೋರಿಸಿದ ಮೊತ್ತವಿದು. ಹಣ ಆ ಕೂಡಲೇ ನನ್ನ ಖಾತೆಯಿಂದ ಕಡಿತವಾಯಿತು. ಆದರೆ ರಸೀದಿಯ ಪುಟ ತೆರೆಯಬೇಕಾದ ಹೊತ್ತಿಗೆ ಪರದೆ ಖಾಲಿಯಾಗಿ ನಿಂತಿತು. ಈಗಲೂ ಆಸ್ತಿ ಸಂಖ್ಯೆ ಹಾಕಿ ನೋಡಿದರೆ ಈ ಸಾಲಿನ ಎದುರು ‘ಬಾಕಿ’ ಎಂದೇ ಬರುತ್ತಿದೆ. ಹಿಂದಿನ ಪಾವತಿಗಳ ಪಟ್ಟಿಯಲ್ಲಿ ಇದರ ಸುಳಿವಿಲ್ಲ.

ವಿಫಲವಾದ ಪಾವತಿಯಾಗಿದ್ದರೆ ಹಣ ಖಾತೆಗೆ ಮರಳಬೇಕಿತ್ತು. ಅದು ಮರಳಿಲ್ಲ. ವ್ಯವಹಾರ ಯಶಸ್ವಿಯಾಗಿದೆ, ಹಣ ಸ್ವೀಕರಿಸುವವರ ಕಡೆಗೆ ಜಮೆಯಾಗಿದೆ ಎಂದು ಬ್ಯಾಂಕ್ ಲಿಖಿತವಾಗಿ ತಿಳಿಸಿದೆ. ವ್ಯವಹಾರದ ಉಲ್ಲೇಖ ಸಂಖ್ಯೆ 511438027716.

ತಮ್ಮ ಕಚೇರಿಯ ಕೌಂಟರಿನಲ್ಲಿ ವಿಚಾರಿಸಿದಾಗ, ಸದ್ಯಕ್ಕೆ ಇನ್ನೊಮ್ಮೆ ಕಟ್ಟಿಬಿಡಿ, ಮೊದಲಿನದು ಮುಂದಿನ ವರ್ಷಕ್ಕೆ ಹೊಂದಾಣಿಕೆಯಾಗುತ್ತದೆ ಎಂಬ ಸಲಹೆ ಸಿಕ್ಕಿತು. ಸಿಬ್ಬಂದಿ ಸೌಜನ್ಯದಿಂದಲೇ ಹೇಳಿದರು, ಆದರೆ ಅದನ್ನು ಒಪ್ಪಲಾರೆ. ಲೆಕ್ಕಕ್ಕೇ ಸಿಗದ ಹಣವನ್ನು ಮುಂದಿನ ವರ್ಷಕ್ಕೆ ಹೊಂದಿಸುವುದಾದರೂ ಹೇಗೆ? ಮೇಲಾಗಿ ಈಗ ಕಟ್ಟಿದರೆ ರಿಯಾಯಿತಿಯೂ ಇಲ್ಲ.

ಆದ್ದರಿಂದ ಏಪ್ರಿಲ್ 24 ಮತ್ತು ಅದರ ನಂತರದ ದಿನಗಳ ಜಮೆಗಳಲ್ಲಿ ಮೇಲಿನ ಉಲ್ಲೇಖ ಸಂಖ್ಯೆಯನ್ನು ಹುಡುಕಿಸಿ, ನನ್ನ ಆಸ್ತಿಯ ಲೆಕ್ಕಕ್ಕೆ ಸೇರಿಸಿ, ರಸೀದಿ ನೀಡಬೇಕೆಂದು ಕೋರುತ್ತೇನೆ. ರಸೀದಿಯಲ್ಲಿ ಪಾವತಿಯ ದಿನಾಂಕ ಏಪ್ರಿಲ್ 24 ಎಂದೇ ಇರಬೇಕು. ತಿದ್ದುಪಡಿ ಮಾಡಿದ ದಿನವನ್ನು ನಮೂದಿಸಿದರೆ ರಿಯಾಯಿತಿ ತಪ್ಪಿ, ಕಡಿಮೆ ಬಿದ್ದ ಮೊತ್ತಕ್ಕೆ ಮುಂದೆ ದಂಡವೂ ಬೀಳಬಹುದು. ಈ ಅರ್ಜಿ ಇತ್ಯರ್ಥವಾಗುವವರೆಗೆ ಇದೇ ತೆರಿಗೆಗೆ ಬೇಡಿಕೆ ನೋಟಿಸ್ ಹೊರಡದಂತೆಯೂ ಸೂಚಿಸಬೇಕು.

ಒಂದು ವೇಳೆ ಹಣ ನಗರಸಭೆಯ ಖಾತೆಗೆ ತಲುಪಿಯೇ ಇಲ್ಲವೆಂದಾದರೆ, ಅಷ್ಟನ್ನೇ ಎರಡು ಸಾಲಿನಲ್ಲಿ ಬರೆದು, ಮೊಹರು ಹಾಕಿ ಕೊಡಿ. ಆ ಪತ್ರವಿಲ್ಲದೆ ಬ್ಯಾಂಕಿನಲ್ಲಿ ನನ್ನ ದೂರು ಮುಂದೆ ಸಾಗುವುದಿಲ್ಲ. ಮನೆಯ ಖಾತೆ ಬದಲಾವಣೆಯ ಅರ್ಜಿಗೆ ಚಾಲ್ತಿ ಸಾಲಿನ ರಸೀದಿ ಲಗತ್ತಿಸಬೇಕಿರುವುದರಿಂದ, ಇದೇ ತಿಂಗಳ 16ರೊಳಗೆ ಉತ್ತರ ದೊರೆತರೆ ಅನುಕೂಲ. ಜಾಲತಾಣದಲ್ಲಿ ನೋಂದಾಯಿಸಿರುವ ನನ್ನ ಮೊಬೈಲ್ ಸಂಖ್ಯೆಗೆ ಕರೆ ಮಾಡಬಹುದು. ಮೂಲ ದಾಖಲೆಗಳನ್ನು ತೋರಿಸಲು ಕಚೇರಿಗೆ ಬರಲು ಸಿದ್ಧಳಿದ್ದೇನೆ.

ಈ ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ದಿನಾಂಕ ಹಾಕಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
(ಸಹಿ)
ಸುಮಿತ್ರಾ ಕೆ.

ಲಗತ್ತುಗಳು:
1. ಬ್ಯಾಂಕ್ ಖಾತೆಯ ಏಪ್ರಿಲ್ ತಿಂಗಳ ವಿವರಪಟ್ಟಿ, ಬ್ಯಾಂಕಿನ ಮೊಹರಿನೊಂದಿಗೆ (ಕಡಿತದ ಸಾಲನ್ನು ಗುರುತು ಮಾಡಿದೆ, ಇತರ ವ್ಯವಹಾರಗಳನ್ನು ಮುಚ್ಚಿದೆ)
2. ಯುಪಿಐ ಪಾವತಿ ಯಶಸ್ವಿ ಎಂದು ತೋರಿಸುವ ಪರದೆಯ ಮುದ್ರಿತ ಪ್ರತಿ
3. ಬ್ಯಾಂಕ್ ನೀಡಿದ ಲಿಖಿತ ಉತ್ತರ
4. 2024-25ನೇ ಸಾಲಿನ ತೆರಿಗೆ ರಸೀದಿಯ ನಕಲು